ಮಗುವಿನ ಮಂಡಿ ಊದಿ ಬಿಸಿಯಾಗಿ, ಜೊತೆಗೆ ಜ್ವರವೂ ಬಂದಾಗ

ಮಗುವಿನ ಒಂದೇ ಮಂಡಿ ಊದಿಕೊಂಡು, ಮುಟ್ಟಿದರೆ ಬಿಸಿಯಾಗಿದ್ದು, ಮೈಯಲ್ಲಿ ಜ್ವರವಿದ್ದು, ಮಗು ಆ ಕಾಲನ್ನು ನೆಲಕ್ಕೆ ಊರಲು ಒಪ್ಪದಿದ್ದರೆ, ಬೇರೆ ಕಾರಣ ಖಚಿತವಾಗುವವರೆಗೆ ಕೀಲಿನೊಳಗೆ ಕೀವಾಗಿದೆ ಎಂದೇ ಎಣಿಸಿ ನಾವು ಮುಂದುವರಿಯುತ್ತೇವೆ. ಇಂತಹ ಮಗುವನ್ನು ಬೆಳಗಾಗಲಿ ಎಂದು ಕಾಯದೆ ರಾತ್ರಿಯೇ ಕರೆತರಬೇಕು ಎಂದು ಮೂಳೆ ವೈದ್ಯರು ಏಕೆ ಒತ್ತಾಯಿಸುತ್ತಾರೆ ಎಂಬುದು ಕೀಲಿನ ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಅರ್ಥವಾಗುತ್ತದೆ.

ಮಕ್ಕಳಲ್ಲಿ ಈ ಸೋಂಕು ಹೆಚ್ಚಾಗಿ ಹೊರಗಿನ ಗಾಯದಿಂದ ಬರುವುದಿಲ್ಲ, ರಕ್ತದ ಮೂಲಕ ಬರುತ್ತದೆ. ಚರ್ಮದ ಮೇಲಿನ ಒಂದು ಕುರುವಿನಿಂದಲೋ ಮೂಗು ಗಂಟಲಿನಿಂದಲೋ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಕೀಲಿನ ಒಳಪೊರೆಯಲ್ಲಿ ನೆಲೆಯೂರುತ್ತದೆ. ಆ ಪೊರೆಯಲ್ಲಿ ರಕ್ತನಾಳಗಳು ದಟ್ಟವಾಗಿದ್ದು, ನಾಳಕ್ಕೂ ಕೀಲಿನ ದ್ರವಕ್ಕೂ ನಡುವೆ ಗಟ್ಟಿಯಾದ ತಡೆ ಇರುವುದಿಲ್ಲ. ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಅತಿ ಸಾಮಾನ್ಯ ಕಾರಣ. ಅದನ್ನು ಎದುರಿಸಲು ಧಾವಿಸಿ ಬರುವ ಬಿಳಿ ರಕ್ತಕಣಗಳು ಬಿಡುಗಡೆ ಮಾಡುವ ಕಿಣ್ವಗಳು ಬ್ಯಾಕ್ಟೀರಿಯಾದ ಜೊತೆಗೆ ಮೂಳೆಯ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಯನ್ನೂ ಕರಗಿಸತೊಡಗುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಈ ಕರಗುವಿಕೆ ಸುಮಾರು 8 ಗಂಟೆಗಳಲ್ಲೇ ಆರಂಭವಾಗುವುದು ಕಂಡುಬಂದಿದೆ. ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಅದು ಕೀಲಿನ ದ್ರವದಿಂದಲೇ ಪೋಷಣೆ ಪಡೆಯುತ್ತದೆ. ಹಾಗಾಗಿ ಒಮ್ಮೆ ಹಾಳಾದ ಭಾಗ ಮೊದಲಿನಂತೆ ಬೆಳೆಯುವುದಿಲ್ಲ. ಕೀವು ಒಳಗೆ ಉಳಿದಷ್ಟು ಕಾಲವೂ ಈ ಹಾನಿ ಮುಂದುವರಿಯುವುದರಿಂದ, ಕೀಲಿನ ಕೀವಿಗೆ ಔಷಧಿಯಷ್ಟೇ ಸಾಲದು, ಅದನ್ನು ಹೊರತೆಗೆಯಲೇಬೇಕು.

ಜಗಳೂರು ತಾಲೂಕಿನ ಹಳ್ಳಿಯೊಂದರಿಂದ ದಾವಣಗೆರೆಗೆ ಬಂದ ನಾಲ್ಕು ವರ್ಷದ ಹುಡುಗನೊಬ್ಬನ ಪ್ರಸಂಗವನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಹೇಳುತ್ತೇನೆ. ಮೆಕ್ಕೆಜೋಳದ ಕಣದಲ್ಲಿ ಆಡುವಾಗ ಭಾನುವಾರ ಅವನು ಬಿದ್ದಿದ್ದ. ಸೋಮವಾರ ಕುಂಟತೊಡಗಿದ, ರಾತ್ರಿ ಜ್ವರ ಬಂತು. "ಬಿದ್ದು ಉಳುಕೈತಿ ಅಂತ ತಿಳ್ಕೊಂಡು ಎಣ್ಣೆ ಹಚ್ಚಿ ತಿಕ್ಕಿದ್ವಿ ಸಾರ್, ಜ್ವರಕ್ಕೆ ಊರಾಗೇ ಒಂದು ಇಂಜೆಕ್ಷನ್ ಹಾಕಿಸಿದ್ವಿ" ಎಂದು ಅವನ ಅಜ್ಜಿ ಹೇಳಿದರು. ಇಂಜೆಕ್ಷನ್ನಿನಿಂದ ಜ್ವರ ಒಂದು ದಿನ ಇಳಿದಿತ್ತು. ಬುಧವಾರ ಸಂಜೆ ಅವನು ಆಸ್ಪತ್ರೆಗೆ ಬಂದಾಗ ಜ್ವರ 102.6 ಡಿಗ್ರಿ ಇತ್ತು.

ಅಜ್ಜಿ ಊಹಿಸಿದ್ದರಲ್ಲಿ ಅಸಹಜವಾದುದೇನೂ ಇರಲಿಲ್ಲ. ನಾಲ್ಕು ವರ್ಷದ ಮಗು ದಿನಕ್ಕೆ ಹತ್ತು ಸಲ ಬೀಳುತ್ತದೆ, ಆದ್ದರಿಂದ ಕೀಲಿನ ಸೋಂಕಿನ ಮಕ್ಕಳಲ್ಲೂ ಬಿದ್ದ ಕಥೆ ಇದ್ದೇ ಇರುತ್ತದೆ. ಆದರೆ ಉಳುಕಿದ ಮಂಡಿಗೆ ಜ್ವರ ಬರುವುದಿಲ್ಲ, ಮತ್ತು ಉಳುಕಿನ ನೋವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಬಿದ್ದ ಮರುದಿನ ಜ್ವರ ಬಂತು ಎಂದರೆ ಬಿದ್ದ ಕಥೆಯನ್ನು ಬದಿಗಿಟ್ಟು ಜ್ವರದ ಕಾರಣವನ್ನೇ ಹುಡುಕಬೇಕು.

ಹುಡುಗ ಮಂಡಿಯನ್ನು ಸ್ವಲ್ಪ ಮಡಚಿಕೊಂಡೇ ಮಲಗಿದ್ದ. ಅರ್ಧ ಮಡಚಿದಾಗ ಕೀಲಿನ ಚೀಲದಲ್ಲಿ ಜಾಗ ಹೆಚ್ಚಾಗಿ ಒತ್ತಡ ಕಡಿಮೆಯಾಗುವುದರಿಂದ ಮಕ್ಕಳು ತಾವಾಗಿಯೇ ಆ ಭಂಗಿಗೆ ಬರುತ್ತಾರೆ. ಹಿಂಗೈಯನ್ನು ಎರಡೂ ಮಂಡಿಗಳ ಮೇಲೆ ಒಂದಾದ ಮೇಲೊಂದರಂತೆ ಇಟ್ಟರೆ ಬಿಸಿಯ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತಿತ್ತು. ಮಂಡಿಚಿಪ್ಪಿನ ಎರಡು ಬದಿಯಲ್ಲಿ ಸಾಮಾನ್ಯವಾಗಿ ಕಾಣುವ ತಗ್ಗುಗಳು ತುಂಬಿಹೋಗಿದ್ದವು. ಕಾಲನ್ನು ಬೆರಳೆರಡರಷ್ಟು ಅಲುಗಿಸಿದರೂ ಅವನು ಕಿರುಚುತ್ತಿದ್ದ. ನನಗೆ ಜ್ವರದ ಅಂಕಿಗಿಂತ ಈ ಕೊನೆಯ ಲಕ್ಷಣವೇ ಹೆಚ್ಚು ಮುಖ್ಯ. ಚರ್ಮದ ಸೋಂಕಿನಲ್ಲಿ ಮುಟ್ಟಿದರೆ ನೋಯುತ್ತದೆ, ಆದರೆ ಕೀಲನ್ನು ಮೆಲ್ಲಗೆ ಅಲುಗಿಸಲು ಮಗು ಸ್ವಲ್ಪವಾದರೂ ಬಿಡುತ್ತದೆ.

ಎಕ್ಸ್‌ರೇಯಲ್ಲಿ ಮೂಳೆಯ ದೋಷ ಕಾಣಲಿಲ್ಲ. ಇದನ್ನು ನೋಡಿ ಮನೆಯವರು ಸಮಾಧಾನಪಡುತ್ತಾರೆ, ಆದರೆ ಮೊದಲ ದಿನಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಇರುತ್ತದೆ. ಮೂಳೆಯಲ್ಲಿ ಬದಲಾವಣೆ ಕಾಣಿಸಿಕೊಳ್ಳುವ ಹೊತ್ತಿಗೆ ಒಂದು ವಾರವೋ ಹೆಚ್ಚೋ ಕಳೆದಿರುತ್ತದೆ. ರಕ್ತದಲ್ಲಿ ಬಿಳಿಕಣಗಳು ಒಂದು ಘನ ಮಿಲಿಮೀಟರಿಗೆ 17,400, ದೇಹದೊಳಗಿನ ಉರಿಯೂತವನ್ನು ಸೂಚಿಸುವ ಸಿಆರ್‌ಪಿ ಲೀಟರಿಗೆ 96 ಮಿಲಿಗ್ರಾಂ ಇತ್ತು. ಎರಡೂ ಹೆಚ್ಚೇ. ಇವು ಸಂಶಯವನ್ನು ಬಲಪಡಿಸುತ್ತವೆ, ಆದರೆ ತೀರ್ಮಾನ ಹೇಳುವುದಿಲ್ಲ. ತೀರ್ಮಾನ ಹೇಳುವುದು ಕೀಲಿನ ದ್ರವ. ಮಗುವಿಗೆ ನಿದ್ರೆ ಬರಿಸಿ, ಚರ್ಮವನ್ನು ಶುದ್ಧಗೊಳಿಸಿ, ಮಂಡಿಚಿಪ್ಪಿನ ಬದಿಯಿಂದ ಸೂಜಿ ಹಾಕಿ ಎಳೆದಾಗ ಹಸಿರು ಮಿಶ್ರಿತ ಹಳದಿಯ, ಕದಡಿದ ದ್ರವ ಸುಮಾರು 12 ಮಿಲಿ ಬಂತು. ಆರೋಗ್ಯವಂತ ಕೀಲಿನಲ್ಲಿ ಇರುವುದು ತಿಳಿಯಾದ, ಎಳೆ ಎಳೆಯಾಗುವ ಕೆಲವೇ ಹನಿ. ಇವನ ದ್ರವದಲ್ಲಿ ಒಂದು ಘನ ಮಿಲಿಮೀಟರಿಗೆ 84,000 ಬಿಳಿಕಣಗಳಿದ್ದವು. 50,000 ದಾಟಿದರೆ ಕೀವು ಎಂದೇ ನಾವು ನಡೆದುಕೊಳ್ಳುತ್ತೇವೆ, ಆದರೆ ಅದಕ್ಕಿಂತ ಕಡಿಮೆ ಇದ್ದಾಗ ಸೋಂಕು ಇಲ್ಲವೆಂದು ಹೇಳಲು ಬರುವುದಿಲ್ಲ.

ಆಂಟಿಬಯಾಟಿಕ್‌ನ ವಿಷಯ ಬರುವುದು ಇಲ್ಲಿ. ಸೂಜಿಯಿಂದ ತೆಗೆದ ದ್ರವವನ್ನೂ ರಕ್ತದ ಮಾದರಿಯನ್ನೂ ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಕಳುಹಿಸಿದ ನಂತರವೇ ನಾವು ಮೊದಲ ಡೋಸ್ ಕೊಟ್ಟೆವು. ಮಗುವಿನ ಜೀವಕ್ಕೇ ಅಪಾಯವಿರುವಷ್ಟು ಸೋಂಕು ಹರಡಿದ್ದರೆ ಮಾತ್ರ ಈ ಕ್ರಮ ಮುರಿಯಬಹುದು. ಊರಲ್ಲಿ ಹಾಕಿಸಿದ ಇಂಜೆಕ್ಷನ್ನಿನಲ್ಲಿ ಏನಿತ್ತೆಂದು ಯಾರಿಗೂ ತಿಳಿದಿರಲಿಲ್ಲ, ಚೀಟಿಯೂ ಇರಲಿಲ್ಲ. ಅದು ಆಂಟಿಬಯಾಟಿಕ್ ಆಗಿದ್ದರೆ, ಕೀಲಿನಲ್ಲಿ ಕೀವು ಹಾಗೆಯೇ ಇದ್ದರೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು, ಆಗ ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆಂಬುದು ತಿಳಿಯದೆ ಚಿಕಿತ್ಸೆ ಅಂದಾಜಿನ ಮೇಲೆ ಸಾಗುತ್ತದೆ. ಆ ಇಂಜೆಕ್ಷನ್ನಿನಲ್ಲಿ ಸ್ಟೀರಾಯ್ಡ್ ಬೆರೆತಿದ್ದರೆ ಜ್ವರವೂ ನೋವೂ ತಗ್ಗಿ, ಒಳಗೆ ಹಾನಿ ಸಾಗುತ್ತಿದ್ದರೂ ಮಗು ಚೇತರಿಸಿಕೊಂಡಂತೆ ಕಾಣುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಅಡ್ಡಿಯಿಲ್ಲ. ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು, ಪಟ್ಟು ಕಟ್ಟಿಸುವುದು ಬೇಡವೇ ಬೇಡ. ಬರುವಾಗ, ಮೊದಲು ಎಲ್ಲಿ ತೋರಿಸಿದ್ದರೂ ಆ ಔಷಧಿಯ ಡಬ್ಬಿಯನ್ನೋ ಚೀಟಿಯನ್ನೋ ಕೈಯಲ್ಲಿ ಹಿಡಿದು ಬನ್ನಿ, ಮಗು ಕೊನೆಯ ಸಲ ಏನು ತಿಂದಿತು, ಎಷ್ಟು ಹೊತ್ತಿಗೆ ಎಂದು ನೆನಪಿಟ್ಟುಕೊಳ್ಳಿ. ಅರಿವಳಿಕೆ ಕೊಡುವ ವೈದ್ಯರು ಮೊದಲು ಕೇಳುವುದು ಅದನ್ನೇ.

ಅದೇ ರಾತ್ರಿ ಸಣ್ಣ ಶಸ್ತ್ರಚಿಕಿತ್ಸೆಯಿಂದ ಕೀಲನ್ನು ತೆರೆದು, ಕೀವನ್ನು ತೆಗೆದು, ಸಲೈನ್‌ನಿಂದ ತೊಳೆದು, ಉಳಿದ ಕೀವು ಹೊರಹರಿಯಲು ನಳಿಕೆ ಇಟ್ಟೆವು. ಕಲ್ಚರ್‌ನಲ್ಲಿ ಸ್ಟಫೈಲೊಕಾಕಸ್ ಆರಿಯಸ್ ಬೆಳೆಯಿತು. ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು, ಸಿಆರ್‌ಪಿ ಇಳಿಯತೊಡಗಿತು. ಆ ನಂತರ ನರದ ಮೂಲಕ ಕೊಡುತ್ತಿದ್ದ ಔಷಧಿಯನ್ನು ಬಾಯಿಯ ಔಷಧಿಗೆ ಬದಲಿಸಿ, ಒಟ್ಟು ಮೂರು ವಾರ ಮುಂದುವರಿಸಿದೆವು. ಜ್ವರ ಬಿಟ್ಟಿತೆಂದು ಮಧ್ಯದಲ್ಲಿ ಔಷಧಿ ನಿಲ್ಲಿಸುವ ಮನೆಯವರು ಇದ್ದಾರೆ. ಹಾಗೆ ನಿಲ್ಲಿಸಿದರೆ ಸೋಂಕು ಮರಳುವುದಲ್ಲದೆ ಮೂಳೆಗೂ ಹರಡಬಹುದು.

ಎರಡು ಸಂದರ್ಭಗಳಲ್ಲಿ ಈ ಕಾಯಿಲೆ ಸುಲಭವಾಗಿ ಕಣ್ತಪ್ಪುತ್ತದೆ. ಒಂದು, ಮಗು ಮಂಡಿ ನೋವು ಎನ್ನುತ್ತದೆ, ಆದರೆ ಮಂಡಿ ಊದಿಲ್ಲ, ಬಿಸಿಯೂ ಇಲ್ಲ. ಆಗ ಸೊಂಟದ ಕೀಲನ್ನು ಪರೀಕ್ಷಿಸಲೇಬೇಕು, ಏಕೆಂದರೆ ಸೊಂಟದ ಕೀಲಿನ ನೋವು ಮಂಡಿಯಲ್ಲಿ ತೋರುತ್ತದೆ. ಸೊಂಟದ ಕೀಲು ಆಳದಲ್ಲಿರುವುದರಿಂದ ಅಲ್ಲಿನ ಊತ ಕಣ್ಣಿಗೆ ಬೀಳುವುದಿಲ್ಲ, ಅಲ್ಟ್ರಾಸೌಂಡ್ ಮಾಡಿದರೆ ದ್ರವ ಕಾಣುತ್ತದೆ. ಎರಡನೆಯದು ಎಳೆಗೂಸು. ಅದಕ್ಕೆ ಜ್ವರವೇ ಇರದಿರಬಹುದು. ಒಂದು ಕಾಲನ್ನು ಆಡಿಸದೆ ಬಿಟ್ಟಿರುತ್ತದೆ, ಹಾಲು ಕುಡಿಯುವುದು ಕಡಿಮೆಯಾಗಿರುತ್ತದೆ, ಬಟ್ಟೆ ಬದಲಿಸುವಾಗ ಪ್ರತಿ ಸಲವೂ ಅಳುತ್ತದೆ.

ಹುಡುಗನಿಗೆ ಮಂಡಿಯನ್ನು ಮಡಚಿ ಬಿಡಿಸುವ ವ್ಯಾಯಾಮವನ್ನು ನಳಿಕೆ ತೆಗೆದ ನಂತರ ಆರಂಭಿಸಿದೆವು. ಈಗ ಅವನು ಕುಂಟದೆ ನಡೆಯುತ್ತಾನೆ. ಆದರೂ ಮಂಡಿಯ ಸಮೀಪದ ಬೆಳವಣಿಗೆಯ ಪದರಕ್ಕೆ ಪೆಟ್ಟಾಗಿದ್ದರೆ ಅದು ಕಾಲು ಗಿಡ್ಡವಾಗುವ ಅಥವಾ ಸೊಟ್ಟವಾಗುವ ರೂಪದಲ್ಲಿ ತಿಂಗಳುಗಳ ನಂತರ ತೋರಬಹುದಾದ್ದರಿಂದ, ಮುಂದಿನ ಎರಡು ವರ್ಷವಾದರೂ ಆರು ತಿಂಗಳಿಗೊಮ್ಮೆ ಎರಡೂ ಕಾಲುಗಳ ಉದ್ದ ಅಳೆಯಲು ಅವನನ್ನು ಕರೆತರಬೇಕೆಂದು ಹೇಳಿದ್ದೇವೆ.