ಗಡಿಯಾರ ಸರಿ, ಊರು ತಪ್ಪು

"ಟೈಮ್ ಸರಿ ಇದೆ ಸಾರ್, ನೋಡಿ ಬೇಕಾದ್ರೆ" ಅಂತ ಕಂಪ್ಯೂಟರ್ ತೋರಿಸಲು ನನ್ನನ್ನು ಕರೆದವರು ಗೋಡೆ ಗಡಿಯಾರವನ್ನೂ ಕಂಪ್ಯೂಟರ್ ಪರದೆಯನ್ನೂ ಒಟ್ಟಿಗೆ ತೋರಿಸುತ್ತಾರೆ. ಎರಡೂ ಒಂದೇ ಇರುತ್ತವೆ. ಆದರೂ ಎರಡು ಕಂಪ್ಯೂಟರಿನ ಫೈಲನ್ನು ಒಂದೇ ರೀತಿ ಇಡುವ ಸಿಂಕ್ ಕೆಟ್ಟಿರುತ್ತದೆ. ಹತ್ತೂವರೆ ವರ್ಷದಿಂದ ಈ ಒಂದೇ ಮಾತಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ.

ಪರದೆಯ ಮೇಲೆ ಕಾಣುವುದು ಕಂಪ್ಯೂಟರ್ ಲೆಕ್ಕ ಹಾಕುವ ಸಮಯವಲ್ಲ. ಒಳಗೆ ಅದು ಯುಟಿಸಿ ಎಂಬ ಜಗತ್ತಿಗೆಲ್ಲ ಒಂದೇ ಆದ ಸಮಯ ಇಟ್ಟುಕೊಂಡಿರುತ್ತದೆ. ನೀವಿರುವ ಟೈಮ್ ಝೋನ್ ನೋಡಿ, ಭಾರತವಾದರೆ ಐದೂವರೆ ಗಂಟೆ ಕೂಡಿಸಿ ತೋರಿಸುತ್ತದೆ. ಸಿಂಕ್ ಮಾಡುವ ತಂತ್ರಾಂಶಗಳು ಹೋಲಿಸುವುದು ಒಳಗಿನ ಸಮಯವನ್ನೇ.

ಹೋದ ಜನವರಿಯಲ್ಲಿ ಒಬ್ಬ ಗೊಬ್ಬರದಂಗಡಿ ಯಜಮಾನರ ಕಥೆ ಕೇಳಿ. ವಿಂಡೋಸ್ ಹೊಸದಾಗಿ ಹಾಕಿದವನು ಝೋನನ್ನು ಅಮೆರಿಕದ ಪೆಸಿಫಿಕ್‌ನಲ್ಲೇ ಬಿಟ್ಟಿದ್ದ. ಗಡಿಯಾರ ತಪ್ಪು ತೋರಿಸಿತೆಂದು ಇವರು ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿ, ಕೈಯಿಂದಲೇ ನಮ್ಮ ಸಮಯ ಇಟ್ಟರು. ನೋಡಲು ಸರಿಯಾಯಿತು. ಒಳಗೆ ಮಾತ್ರ ಹದಿಮೂರೂವರೆ ಗಂಟೆ ಮುಂದೆ ಹೋಯಿತು.

ಸಂಜೆ 7ಕ್ಕೆ ಅಂಗಡಿಯಲ್ಲಿ ಉದ್ರಿ ಲೆಕ್ಕ ಸೇವ್ ಮಾಡಿದರು. ಆ ಫೈಲಿಗೆ ಬಿದ್ದ ಸಮಯದ ಮುದ್ರೆ, ನಿಜವಾಗಿ ನೋಡಿದರೆ, ಮರುದಿನ ಬೆಳಿಗ್ಗೆ 8.30ರದು. ರಾತ್ರಿ 9.30ಕ್ಕೆ ಮನೆಯ ಲ್ಯಾಪ್‌ಟಾಪಿನಲ್ಲಿ ಮಗಳು ಅದೇ ಫೈಲಿಗೆ ನಾಲ್ಕು ಹೆಸರು ಸೇರಿಸಿದಳು. ಸಿಂಕ್ ತಂತ್ರಾಂಶಕ್ಕೆ ಅಂಗಡಿಯದೇ ಹೊಸದಾಗಿ ಕಂಡಿತು, ಮಗಳ ಫೈಲಿನ ಮೇಲೆ ಅದನ್ನೇ ಬರೆಯಿತು. ಬೆಳಿಗ್ಗೆ ನಾಲ್ಕು ಹೆಸರೂ ಮಾಯ. ಪಾಪ, ಆ ಹುಡುಗಿಯೇ ಬೈಸಿಕೊಂಡಳು. ತಂತ್ರಾಂಶವನ್ನಂತೂ ಎರಡು ಸಲ ತೆಗೆಸಿ ಮತ್ತೆ ಹಾಕಿಸಿದ್ದರಂತೆ.

ಎಲ್ಲ ತಂತ್ರಾಂಶವೂ ಹೀಗೆ ಬರೀ ಸಮಯ ನೋಡಿ ತೀರ್ಮಾನಿಸುವುದಿಲ್ಲ. ಕೆಲವು ಗೊಂದಲವಾದಾಗ ಎರಡೂ ಪ್ರತಿ ಇಡುತ್ತವೆ. ನಿಮ್ಮದು ಯಾವ ಜಾತಿ ಅಂತ ನೋಡದೆ ನಾನು ಹೇಳಲಾರೆ. ಆದರೆ ಫೋನಿನಲ್ಲೂ ಝೋನ್ ತಪ್ಪಿಟ್ಟು ಸಮಯ ತಿದ್ದಿದ್ದರೆ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಲಾಗಿನ್ ಕೋಡ್‌ಗಳು ಸಾಮಾನ್ಯವಾಗಿ ತಪ್ಪೇ ಬರುತ್ತವೆ. ಅದೊಂದು ಸುಳಿವು.

ಸರಿಪಡಿಸುವಾಗ ಝೋನ್ ಮೊದಲು, ಸಮಯ ಆಮೇಲೆ. ಅದಕ್ಕೂ ಮೊದಲು ಸಿಂಕ್ ನಿಲ್ಲಿಸಿ, ಎರಡೂ ಕಡೆಯ ಫೈಲು ಬೇರೆಡೆ ನಕಲಿಸಿಟ್ಟುಕೊಳ್ಳಿ. ಝೋನ್ ಪಟ್ಟಿಯಲ್ಲಿ `(UTC+05:30) Chennai, Kolkata, Mumbai, New Delhi` ಆರಿಸಿ. ಬೆಂಗಳೂರು ಇಲ್ಲವಲ್ಲ ಎಂದು ಹುಡುಕುತ್ತಾ ಕೂರಬೇಡಿ. ಝೋನ್ ಬದಲಿಸಿದೊಡನೆ ಗಡಿಯಾರ ಗಂಟೆಗಟ್ಟಲೆ ಹಾರುತ್ತದೆ, ಗಾಬರಿಯಾಗಿ ಮತ್ತೆ ಕೈ ಹಾಕಬೇಡಿ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿ, ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಕಿಟಕಿಯಲ್ಲಿ ಇದನ್ನು ಕೊಡಿ:

```
w32tm /resync
```

ಇಷ್ಟಾದರೂ ಹಳೆಯ ಫೈಲುಗಳ ಮೇಲೆ ನಾಳೆಯ ಮುದ್ರೆ ಹಾಗೇ ಉಳಿದಿರುತ್ತದೆ. ಅಂಥವನ್ನು ತೆರೆದು, ಏನಾದರೂ ತಿದ್ದಿ, ಮತ್ತೆ ಸೇವ್ ಮಾಡಿದ ಮೇಲೆಯೇ ಸಿಂಕ್ ಶುರು ಮಾಡಿ. ಯಜಮಾನರ ನಾಲ್ಕು ಹೆಸರಿನಲ್ಲಿ ಮೂರು ಮಗಳಿಗೆ ನೆನಪಿತ್ತು. ನಾಲ್ಕನೆಯವರು ತಾವಾಗಿಯೇ ಬಂದು ದುಡ್ಡು ಕೊಟ್ಟರಂತೆ.