ರಿಲೇ ಓಡಿಸುವ ಟ್ರಾನ್ಸಿಸ್ಟರ್‌ಗೆ ಬೇಸ್ ರೆಸಿಸ್ಟರ್ ಎಷ್ಟು ಹಾಕಬೇಕು?

ಪ್ರಶ್ನೆ: ಸರ್, ESP8266 ಬೋರ್ಡ್‌ನಿಂದ 5 ವೋಲ್ಟ್ ರಿಲೇ ಆನ್ ಮಾಡಬೇಕು. BC547 ಹಾಕಿದ್ದೇನೆ. ಬೇಸ್‌ಗೆ ಒಬ್ಬರು 1ಕೆ ಅಂತಾರೆ, ಇನ್ನೊಬ್ಬರು 10ಕೆ ಸಾಕು ಅಂತಾರೆ. ಮಲ್ಟಿಮೀಟರ್‌ನಲ್ಲಿ hFE 310 ತೋರಿಸಿತು. ಆ ಲೆಕ್ಕದಲ್ಲಿ 10ಕೆ ಸರಿಯಾಗುತ್ತದೆ ಅಲ್ವಾ? ಆದರೆ ರಿಲೇ ಕೆಲವು ಸಲ ಎಳೆಯುತ್ತದೆ, ಕೆಲವು ಸಲ ಇಲ್ಲ.

ಉತ್ತರ: 560 ಓಮ್ ಹಾಕಿ. ಅವಸರ ಇದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹಾಗೆ ನಿಲ್ಲಿಸಿದವರೇ ಮುಂದಿನ ವಾರ 12 ವೋಲ್ಟ್ ರಿಲೇ ತಂದು ಇದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಅದಕ್ಕೇ ಈ ಸಲ ಲೆಕ್ಕವನ್ನೂ ಬರೆಯುತ್ತಿದ್ದೇನೆ.

ಲೆಕ್ಕ ಶುರುವಾಗುವುದು ಟ್ರಾನ್ಸಿಸ್ಟರ್‌ನಿಂದ ಅಲ್ಲ, ರಿಲೇಯಿಂದ. ಅಂಗಡಿಯಲ್ಲಿ ಶುಗರ್ ಕ್ಯೂಬ್ ರಿಲೇ ಎಂದು ಕೇಳಿದರೆ ಕೊಡುವ ನೀಲಿ ಡಬ್ಬಿಯ ಕಾಯಿಲ್ ಸಾಮಾನ್ಯವಾಗಿ 70 ಓಮ್ ಇರುತ್ತದೆ. ನಂಬಬೇಡಿ, ಮೀಟರ್ ಹಿಡಿದು ನೋಡಿ. ಅದೇ ಗಾತ್ರದಲ್ಲಿ 55 ಓಮ್‌ನದೂ ಬರುತ್ತದೆ. 5 ವೋಲ್ಟನ್ನು 70ರಿಂದ ಭಾಗಿಸಿದರೆ ಸುಮಾರು 71 ಮಿಲಿ ಆಂಪಿಯರ್. ಟ್ರಾನ್ಸಿಸ್ಟರ್ ಪೂರ್ತಿ ಆನ್ ಆದಾಗ ಇಷ್ಟೇ ಹರಿಯುತ್ತದೆ. ಬೇಸ್‌ಗೆ ಎಷ್ಟೇ ಜಾಸ್ತಿ ಕೊಟ್ಟರೂ ಕಾಯಿಲ್ ಇದಕ್ಕಿಂತ ಹೆಚ್ಚು ಬಿಡುವುದಿಲ್ಲ.

ಈಗ ಬೇಸ್ ಕರೆಂಟ್. 71ನ್ನು 20ರಿಂದ ಭಾಗಿಸಿ: ಸುಮಾರು 3.6 ಮಿಲಿ ಆಂಪಿಯರ್. ಈ 20 ಎಲ್ಲಿಂದ ಬಂತು ಎಂಬುದೇ ಇವತ್ತಿನ ಪಾಠ, ಅದಕ್ಕೆ ಆಮೇಲೆ ಬರುತ್ತೇನೆ. ESP8266 ಪಿನ್ ಹೆಸರಿಗೆ 3.3 ವೋಲ್ಟ್. ಕರೆಂಟ್ ಎಳೆದಾಗ ಸ್ವಲ್ಪ ಇಳಿಯುತ್ತದೆ, 3.1 ಎಂದು ಇಟ್ಟುಕೊಳ್ಳೋಣ. ಬೇಸ್ ಮತ್ತು ಎಮಿಟರ್ ನಡುವೆ 0.8 ವೋಲ್ಟ್ ಹೋಗುತ್ತದೆ. ಸಣ್ಣ ಕರೆಂಟ್‌ಗೆ 0.7 ಸರಿ, ಇಷ್ಟು ಕರೆಂಟ್‌ಗೆ 0.8 ಹಿಡಿಯುವುದು ಒಳ್ಳೆಯದು. ಉಳಿದದ್ದು ರೆಸಿಸ್ಟರ್ ಪಾಲು.

```
Rb = (3.1 - 0.8) / 0.0036 = 639
```

639 ಓಮ್ ರೆಸಿಸ್ಟರ್ ಸಿಗುವುದಿಲ್ಲ. ಅದಕ್ಕಿಂತ ಕೆಳಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 560. ಯಾವಾಗಲೂ ಕೆಳಗಿನದನ್ನೇ ತೆಗೆದುಕೊಳ್ಳಿ. ಆಗ ಬೇಸ್‌ಗೆ ಸುಮಾರು 4 ಮಿಲಿ ಆಂಪಿಯರ್ ಹೋಗುತ್ತದೆ. ಈ ಪಿನ್‌ನ ಮಿತಿ 12, ಹಾಗಾಗಿ ತೊಂದರೆ ಇಲ್ಲ. ಜಾಸ್ತಿ ಕೊಟ್ಟರೆ ಒಳ್ಳೆಯದಲ್ವಾ ಎಂದು 100 ಓಮ್ ಹಾಕಿದರೆ ಮಾತ್ರ ಪಿನ್‌ನಿಂದ 20 ಮಿಲಿ ಆಂಪಿಯರ್ ದಾಟಿ ಎಳೆಯಲು ನೋಡುತ್ತೀರಿ, ಬೇಡ.

1ಕೆ ಎಂದವರು ಬಹುಶಃ 5 ವೋಲ್ಟ್ ಆರ್ಡುಯಿನೋ ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದಾರೆ. ಅಲ್ಲಿ ಇದೇ ಲೆಕ್ಕ 1.1ಕೆ ಹತ್ತಿರ ಬರುತ್ತದೆ, ಅವರ ಮಾತು ಅಲ್ಲಿಗೆ ಸರಿ. ನಿಮ್ಮ 3.3 ವೋಲ್ಟ್‌ಗೂ 1ಕೆ ಸಾಮಾನ್ಯವಾಗಿ ನಡೆದುಬಿಡುತ್ತದೆ. 10ಕೆ ಎಂದವರ ಬಗ್ಗೆ ಮಾತ್ರ ಸ್ವಲ್ಪ ಮಾತನಾಡಬೇಕು.

ಅವರ ಲೆಕ್ಕ ಹೀಗೆ. hFE 310 ಇದೆ. 10ಕೆಯಲ್ಲಿ ಬೇಸ್‌ಗೆ 0.26 ಮಿಲಿ ಆಂಪಿಯರ್ ಹೋಗುತ್ತದೆ. 310ರಿಂದ ಗುಣಿಸಿದರೆ 80. ನಮಗೆ ಬೇಕಿರುವುದು 71. ಸಾಕಲ್ಲ! ಕಾಗದದ ಮೇಲೆ ಗೆದ್ದರು. ಈ ಗುಣಾಕಾರವನ್ನು ನಾನು ಎಷ್ಟು ಸಲ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ. ಆದರೂ ಪ್ರತಿ ವರ್ಷ ಹೊಸ ಬ್ಯಾಚಿನ ಜೊತೆ ಅದೂ ಹಾಜರಾಗುತ್ತದೆ.

ಮೊದಲು, ಆ 310 ಎಲ್ಲಿ ಅಳೆದದ್ದು ನೋಡಿ. ಮಾಮೂಲಿ ಹಳದಿ ಮಲ್ಟಿಮೀಟರ್‌ನ hFE ಸಾಕೆಟ್ ಬೇಸ್‌ಗೆ ಕೊಡುವುದು ಸುಮಾರು 10 ಮೈಕ್ರೋ ಆಂಪಿಯರ್. ಅದರ ಜೊತೆ ಬರುವ ಚೀಟಿಯಲ್ಲೇ ಬರೆದಿರುತ್ತದೆ, ಯಾರೂ ಓದುವುದಿಲ್ಲ ಅಷ್ಟೇ. ಅಂದರೆ ಕಲೆಕ್ಟರ್‌ನಲ್ಲಿ ಹರಿದದ್ದು 3 ಮಿಲಿ ಆಂಪಿಯರ್. ನೀವು ಹರಿಸಬೇಕಿರುವುದು 71. BC547 ಗರಿಷ್ಠ ಮಿತಿಯೇ 100. ಕರೆಂಟ್ ಆ ಮಿತಿಯ ಕಡೆ ಏರುತ್ತಾ ಹೋದಂತೆ hFE ಬೀಳುತ್ತಾ ಬರುತ್ತದೆ. BC547Bಗೆ 2 ಮಿಲಿ ಆಂಪಿಯರ್‌ನಲ್ಲಿ 200ರಿಂದ 450 ಎಂದು ಕೊಡುವ ಡೇಟಾಶೀಟ್, 100 ಮಿಲಿ ಆಂಪಿಯರ್‌ನಲ್ಲಿ 180ರ ಆಸುಪಾಸು ತೋರಿಸುವುದುಂಟು. ಶೋರೂಮಿನವರು ಹೇಳಿದ ಮೈಲೇಜ್ ನಂಬಿ, ಅಷ್ಟೇ ಪೆಟ್ರೋಲ್ ಹಾಕಿಸಿ, ಬೈಕಿನಲ್ಲಿ ಮೂವರು ಕೂತು ಚಾರ್ಮಾಡಿ ಘಾಟಿ ಹತ್ತಲು ಹೊರಟ ಹಾಗಾಯಿತು.

ಎರಡನೆಯದು ಇದಕ್ಕಿಂತ ಮುಖ್ಯ. ಡೇಟಾಶೀಟಿನ hFE ಸಾಲಿನ ಪಕ್ಕ ಸಣ್ಣ ಅಕ್ಷರದಲ್ಲಿ VCE = 5 V ಎಂದಿರುತ್ತದೆ. ಕಲೆಕ್ಟರ್ ಮತ್ತು ಎಮಿಟರ್ ನಡುವೆ 5 ವೋಲ್ಟ್ ಇಟ್ಟು ಅಳೆದ ಅಂಕಿ ಅದು. ನಿಮ್ಮ ಸಪ್ಲೈ ಇರುವುದೇ 5 ವೋಲ್ಟ್. ಅಷ್ಟೂ ಟ್ರಾನ್ಸಿಸ್ಟರ್ ಮೇಲೆ ಉಳಿದರೆ ಕಾಯಿಲ್‌ಗೆ ಏನು ಸಿಗುತ್ತದೆ? ಸೊನ್ನೆ. ನಮಗೆ ಬೇಕಿರುವುದು ಅದರ ಉಲ್ಟಾ: ಟ್ರಾನ್ಸಿಸ್ಟರ್ ಮೇಲೆ ಹೆಚ್ಚುಕಡಿಮೆ ಏನೂ ಉಳಿಯಬಾರದು, ಎಲ್ಲವೂ ಕಾಯಿಲ್‌ಗೆ ಹೋಗಬೇಕು. ಆ ಸ್ಥಿತಿಯೇ ಸ್ಯಾಚುರೇಶನ್. ಅಲ್ಲಿ hFE ಗುಣಾಕಾರ ನಡೆಯುವುದೇ ಇಲ್ಲ. ಕಲೆಕ್ಟರ್ ಕರೆಂಟನ್ನು ಕಾಯಿಲ್ ನಿರ್ಧರಿಸುತ್ತದೆ, ಬೇಸ್ ಕರೆಂಟನ್ನು ನೀವು ನಿರ್ಧರಿಸುತ್ತೀರಿ. ಬೇಸ್‌ಗೆ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟಾಗ ಕಲೆಕ್ಟರ್ ಕರೆಂಟ್ ಏರುವುದಿಲ್ಲ, ಟ್ರಾನ್ಸಿಸ್ಟರ್ ಮೇಲಿನ ವೋಲ್ಟೇಜ್ ಇಳಿಯುತ್ತದೆ. hFE ಲೆಕ್ಕ ನಿಮ್ಮನ್ನು ಸ್ಯಾಚುರೇಶನ್‌ನ ಹೊಸ್ತಿಲವರೆಗೆ ಮಾತ್ರ ತಂದು ಬಿಡುತ್ತದೆ, ಒಳಗೆ ಕರೆದುಕೊಂಡು ಹೋಗುವುದಿಲ್ಲ.

ಹಾಗಾದರೆ ಸರಿಯಾದ ಅಂಕಿ ಎಲ್ಲಿದೆ? ಅದೇ ಡೇಟಾಶೀಟಿನಲ್ಲಿ, ಕೆಲವೇ ಸಾಲು ಕೆಳಗೆ. VCE(sat) ಎಂಬ ಸಾಲು ಹುಡುಕಿ. BC547ಗೆ ಅಲ್ಲಿ ಎರಡು ಪರಿಸ್ಥಿತಿ ಕೊಟ್ಟಿರುತ್ತಾರೆ: ಕಲೆಕ್ಟರ್‌ಗೆ 10 ಮಿಲಿ ಆಂಪಿಯರ್ ಇದ್ದಾಗ ಬೇಸ್‌ಗೆ 0.5, ಕಲೆಕ್ಟರ್‌ಗೆ 100 ಇದ್ದಾಗ ಬೇಸ್‌ಗೆ 5. ಎರಡರಲ್ಲೂ ಭಾಗಿಸಿ ನೋಡಿ, 20 ಬರುತ್ತದೆ. ಟ್ರಾನ್ಸಿಸ್ಟರ್ ಮಾಡಿದವರೇ ಸ್ಯಾಚುರೇಶನ್ ತೋರಿಸಲು 20ರ ಲೆಕ್ಕದಲ್ಲಿ ಬೇಸ್ ಕರೆಂಟ್ ಕೊಟ್ಟಿದ್ದಾರೆ. 2N2222 ಮತ್ತು BC337 ಡೇಟಾಶೀಟ್‌ಗಳಲ್ಲಿ ಅದು 10. ಅವರು 310 ಬಳಸಿಲ್ಲ. ನೀವ್ಯಾಕೆ ಬಳಸುತ್ತೀರಿ?

"ಸರ್, ನನ್ನದು 10ಕೆಯಲ್ಲೇ ವರ್ಷದಿಂದ ನಡೀತಿದೆ" ಎನ್ನುವವರು ಇದ್ದೇ ಇರುತ್ತಾರೆ. ನಡೆಯುತ್ತದೆ, ಇಲ್ಲ ಎನ್ನುವುದಿಲ್ಲ. BC547C ಸಿಕ್ಕಿದ್ದರೆ ಅದರ hFE ಶುರುವಾಗುವುದೇ 420ರಿಂದ. ಆದರೆ ಅದು ಸುಟ್ಟ ದಿನ ಅಂಗಡಿಯವನು ಕೊಟ್ಟ ಇನ್ನೊಂದು BC547ನಲ್ಲಿ ಏನಾಗುತ್ತದೆ ನೋಡೋಣ. hFE 200 ಎಂದುಕೊಳ್ಳಿ. 0.26ನ್ನು 200ರಿಂದ ಗುಣಿಸಿದರೆ 52 ಮಿಲಿ ಆಂಪಿಯರ್. ಕಾಯಿಲ್ ಮೇಲೆ ಬೀಳುವುದು 3.6 ವೋಲ್ಟ್, ಉಳಿದ 1.4 ಟ್ರಾನ್ಸಿಸ್ಟರ್ ಮೇಲೆ. ಈ ರಿಲೇ ಖಂಡಿತ ಎಳೆಯುತ್ತದೆ ಎಂದು ಕಂಪನಿ ಹೇಳುವುದು 75 ಶೇಕಡಾಕ್ಕೆ, ಅಂದರೆ 3.75 ವೋಲ್ಟ್‌ಗೆ. ನೀವು ಸರಿಯಾಗಿ ಗಡಿಯಲ್ಲಿ ನಿಂತಿದ್ದೀರಿ. ಒಂದು ರಿಲೇ ಎಳೆಯುತ್ತದೆ, ಪಕ್ಕದ್ದು ಎಳೆಯುವುದಿಲ್ಲ. ಚಳಿಗೆ hFE ಇನ್ನೂ ಸ್ವಲ್ಪ ಇಳಿಯುವುದರಿಂದ ಮಧ್ಯಾಹ್ನ ಸರಿ ಇದ್ದದ್ದು ಬೆಳಗಿನ ಜಾವ ಕೈಕೊಡುತ್ತದೆ. ನಿಮ್ಮ "ಕೆಲವು ಸಲ" ಇದೇ.

ಟ್ರಾನ್ಸಿಸ್ಟರ್ ಮುಟ್ಟಿ ನೋಡಿದೆ, ಬಿಸಿ ಇಲ್ಲ, ಹಾಗಾಗಿ ಸ್ಯಾಚುರೇಟ್ ಆಗಿದೆ ಎನ್ನುವ ವಾದವೂ ನಿಲ್ಲುವುದಿಲ್ಲ. ಕಾಯಿಲ್ ಇಡೀ ಸೇರಿ ತಿನ್ನುವುದೇ 0.36 ವಾಟ್. ಅರ್ಧಂಬರ್ಧ ಆನ್ ಆದ ಟ್ರಾನ್ಸಿಸ್ಟರ್‌ನಲ್ಲಿ ಅತಿ ಕೆಟ್ಟ ಸ್ಥಿತಿಯಲ್ಲೂ ಅದರ ಕಾಲು ಭಾಗ, 90 ಮಿಲಿವಾಟ್, ಖರ್ಚಾಗುತ್ತದೆ. BC547 500 ಮಿಲಿವಾಟ್ ತಡೆಯುತ್ತದೆ. ಅದು ಸುಡುವುದಿಲ್ಲ, ಹೊಗೆ ಬರುವುದಿಲ್ಲ, ಅದಕ್ಕೇ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೊಂದು ಮೋಸ ರಿಲೇಯದ್ದೇ: ಒಮ್ಮೆ ಎಳೆದ ಮೇಲೆ ಹಿಡಿದುಕೊಂಡಿರಲು ಅದಕ್ಕೆ ಬಹಳ ಕಡಿಮೆ ವೋಲ್ಟೇಜ್ ಸಾಕು. ಟೇಬಲ್ ಮೇಲೆ ಒಮ್ಮೆ ಟಕ್ ಎಂದರೆ ಎಲ್ಲ ಸರಿ ಇದೆ ಎನಿಸುತ್ತದೆ.

ಪರೀಕ್ಷೆ ಮಾಡುವುದು ಸುಲಭ. ರಿಲೇ ಆನ್ ಮಾಡಿ, ಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಎಮಿಟರ್‌ಗೆ, ಕೆಂಪು ಕಲೆಕ್ಟರ್‌ಗೆ. 0.1 ಅಥವಾ 0.2 ಬಂದರೆ ಮುಗಿಯಿತು, ಡಬ್ಬಿ ಮುಚ್ಚಿ. 0.5 ದಾಟಿದರೆ ರೆಸಿಸ್ಟರ್ ದೊಡ್ಡದಾಗಿದೆ. 1 ವೋಲ್ಟ್ ದಾಟಿದರೆ ನಿಮ್ಮ ಹತ್ತಿರ ಸ್ವಿಚ್ ಇಲ್ಲ, ಆಂಪ್ಲಿಫೈಯರ್ ಇದೆ.

12 ವೋಲ್ಟ್ ರಿಲೇಯವರು ಇಲ್ಲಿ ನೋಡಿ. ಆ ಕಾಯಿಲ್ 400 ಓಮ್, ಕರೆಂಟ್ 30 ಮಿಲಿ ಆಂಪಿಯರ್, ಬೇಸ್‌ಗೆ 1.5 ಸಾಕು. ಅದೇ 3.3 ವೋಲ್ಟ್ ಪಿನ್‌ಗೆ 1.5ಕೆ ಬರುತ್ತದೆ. ಹೌದು, ವೋಲ್ಟೇಜ್ ಜಾಸ್ತಿಯಾದರೂ ಬೇಸ್ ಕರೆಂಟ್ ಕಡಿಮೆ. 55 ಓಮ್ ಕಾಯಿಲ್ ಸಿಕ್ಕವರು BC547 ಬಿಟ್ಟು BC337 ಹಾಕಿ, 90 ಮಿಲಿ ಆಂಪಿಯರ್ ಅದಕ್ಕೆ ಆಟ. ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿದ್ದೀರಿ ಎಂದೇ ನಂಬಿದ್ದೇನೆ.

ಈಗ ಯಾರೂ ಕೇಳದ ಒಂದು ವಿಷಯ. ಕರೆಂಟ್ ಹೋಗಿ ಬಂದಾಗ ರಿಲೇ ತಾನಾಗಿಯೇ ಒಮ್ಮೆ ಟಕ್ ಎನ್ನುತ್ತದೆಯಾ? ಸಂಪಿನ ಮೋಟರ್ ಒಂದು ಕ್ಷಣ ಜಗ್ಗಿ ನಿಲ್ಲುತ್ತದೆಯಾ? ಬೂಟ್ ಆಗುವ ಹೊತ್ತಿನಲ್ಲಿ ಪಿನ್ ಇನ್ನೂ ಔಟ್‌ಪುಟ್ ಆಗಿರುವುದಿಲ್ಲ, ಬೇಸ್‌ಗೆ ಗತಿಯಿಲ್ಲ. ಬೇಸ್‌ನಿಂದ ಗ್ರೌಂಡ್‌ಗೆ ಒಂದು 10ಕೆ ಹಾಕಿ. ನಿಮ್ಮ 10ಕೆಗೆ ಸರಿಯಾದ ಜಾಗ ಅದೇ. ಆನ್ ಇದ್ದಾಗ ಅದು ಕದಿಯುವುದು 0.08 ಮಿಲಿ ಆಂಪಿಯರ್ ಮಾತ್ರ, ನಮ್ಮ 4ರಲ್ಲಿ ಗೊತ್ತೂ ಆಗುವುದಿಲ್ಲ.

ಆದರೆ D3ಗೆ ಅಥವಾ D4ಗೆ ರಿಲೇ ಕಟ್ಟಿದ್ದರೆ ಇದು ಉಪಯೋಗಕ್ಕೆ ಬರುವುದಿಲ್ಲ. ಅವು GPIO0 ಮತ್ತು GPIO2. ಬೂಟ್ ಆಗುವಾಗ ಎರಡೂ ಮೇಲಿರಬೇಕು, ಅದಕ್ಕಾಗಿಯೇ ಬೋರ್ಡ್ ಮೇಲೆ ಪುಲ್‌ಅಪ್ ರೆಸಿಸ್ಟರ್ ಇರುತ್ತದೆ. ನೀವು 560 ಓಮ್ ಮೂಲಕ ಬೇಸ್ ಕಟ್ಟಿದ ಕೂಡಲೇ ಆ ಪಿನ್ 0.8 ವೋಲ್ಟ್ ಹತ್ತಿರಕ್ಕೆ ಕುಸಿಯುತ್ತದೆ. GPIO0 ಕೆಳಗಿದ್ದರೆ ಬೋರ್ಡ್ ನಿಮ್ಮ ಪ್ರೋಗ್ರಾಂ ಓಡಿಸುವುದನ್ನು ಬಿಟ್ಟು ಹೊಸ ಪ್ರೋಗ್ರಾಂಗೆ ಕಾಯುತ್ತಾ ಕೂರುತ್ತದೆ. ಬೋರ್ಡ್ ಸತ್ತಿತು ಎಂದು ಹೊಸದು ತರಲು ಎಸ್.ಪಿ. ರೋಡ್‌ಗೆ ಹೊರಡುವ ಮೊದಲು ರಿಲೇ ತಂತಿ ಬಿಚ್ಚಿ, ಒಮ್ಮೆ ರೀಸೆಟ್ ಒತ್ತಿ. ಬೋರ್ಡ್ ಎದ್ದರೆ ಆ ತಂತಿಯನ್ನು D1ಗೋ D2ಗೋ ಹಾಕಿಕೊಳ್ಳಿ, ಪ್ರೋಗ್ರಾಂನಲ್ಲಿ ಪಿನ್ ನಂಬರನ್ನೂ ಬದಲಿಸಿ: D1 ಅಂದರೆ 5, D2 ಅಂದರೆ 4.