ಅಷ್ಟೊತ್ತು ತಡೆದುಕೊಂಡರೆ ಉಚ್ಚೆ ಒಳಗೇ ಸೋರುತ್ತಾ?

ಸಿಂಧನೂರು ಕಡೆಯ ಒಬ್ಬ ಅಕ್ಕ ಕೇಳಿದ್ದಾರೆ: "ಮೆಣಸಿನಕಾಯಿ ಬಿಡಿಸಾಕ ಹೋದ್ರ ಹೊಲದಾಗ ಮರೆ ಇರಂಗಿಲ್ರೀ. ಮುಂಜಾನೆ ಎಂಟಕ್ಕ ಹೋದವ್ರು ಮಧ್ಯಾಹ್ನ ಎರಡರ ತನಕ ತಡಕೊಂಡೇ ಇರ್ತೀವಿ. ಅಷ್ಟೊತ್ತು ಒಳಗಿದ್ದ ಉಚ್ಚೆ ರಕ್ತಕ್ಕ ಇಳಿತೈತೇನ್ರೀ?"

ಇಲ್ಲ ಅಕ್ಕಾ, ಆರೋಗ್ಯವಾಗಿರುವ ಮೂತ್ರಚೀಲದಿಂದ ಲೆಕ್ಕಕ್ಕೆ ಬರುವಷ್ಟು ಏನೂ ಇಳಿಯುವುದಿಲ್ಲ. ಆದರೆ ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ಚೀಲ ಹಿಗ್ಗುತ್ತೆ, ಹಿಗ್ಗಿದರೂ ಬಿರುಕು ಬಿಡಲ್ಲ, ಅದು ಹೇಗೆ ಅಂತ ತಾನೇ?

ಮೊದಲು ಎಷ್ಟು ಹಿಗ್ಗುತ್ತೆ ನೋಡೋಣ. ಮುಂಜಾನೆ ಚೀಲದಲ್ಲಿ 50 ಮಿಲಿ ಇತ್ತು, ಎರಡು ಗಂಟೆಗೆ 400 ಮಿಲಿ ಆಯಿತು ಅಂದುಕೊಳ್ಳಿ. ಚೀಲವನ್ನು ಚೆಂಡಿನಂತೆ ಭಾವಿಸಿದರೆ ಒಳಗಿನ ಜಾಗ 8 ಪಟ್ಟಾಯಿತು, ಒಳಗೋಡೆಯ ವಿಸ್ತಾರ 4 ಪಟ್ಟಾಯಿತು. ಸುಮಾರು 65 ಚದರ ಸೆಂಟಿಮೀಟರ್ ಇದ್ದದ್ದು 260ರ ಹತ್ತಿರ ಬಂತು. ಜೀವಕೋಶದ ಹೊರಪೊರೆಯನ್ನು ಸುಮ್ನೆ ಎಳೆದರೆ ನೂರಕ್ಕೆ ನಾಲ್ಕೈದು ಪಾಲು ಹಿಗ್ಗುವಷ್ಟರಲ್ಲೇ ಹರಿದುಹೋಗುತ್ತೆ. ಹಾಗಾದರೆ ಉಳಿದ ಜಾಗ ಎಲ್ಲಿಂದ ಬಂತು?

ಒಂದಷ್ಟು ನೆರಿಗೆಯಿಂದ. ಖಾಲಿ ಚೀಲದ ಒಳಗೋಡೆ ಸೀರೆಯ ನೆರಿಗೆಯಂತೆ ಮಡಚಿಕೊಂಡಿರುತ್ತೆ, ತುಂಬುತ್ತಾ ಹೋದಂತೆ ಬಿಚ್ಚಿಕೊಳ್ಳುತ್ತೆ. ಆಮೇಲೆ ಕೋಶಗಳ ಸರದಿ. ನಾನು ಬಳ್ಳಾರಿಯಲ್ಲಿ ಎಂಬಿಬಿಎಸ್ ಮೊದಲ ವರ್ಷದವರಿಗೆ ಇದರ ಸ್ಲೈಡ್ ತೋರಿಸುತ್ತೇನೆ. ಖಾಲಿ ಚೀಲದ ಸ್ಲೈಡಿನಲ್ಲಿ ಕೋಶಗಳು ಐದಾರು ಸಾಲು ಪೇರಿಸಿದಂತೆ ಕಾಣುತ್ತವೆ, ಮೇಲಿನ ಸಾಲಿನವು ದಪ್ಪಗೆ, ಉಬ್ಬಿಕೊಂಡು, ಕೆಲವಕ್ಕೆ ಎರಡೆರಡು ಕೋಶಕೇಂದ್ರ. ತುಂಬಿದ ಚೀಲದ ಸ್ಲೈಡ್ ಇಟ್ಟರೆ ಎರಡು ಮೂರೇ ಸಾಲು, ಮೇಲಿನವು ತಟ್ಟೆಯಂತೆ ಚಪ್ಪಟೆ. ಇವೆರಡೂ ಒಂದೇ ಪದರ ಅಂದರೆ ಹುಡುಗರು ನಂಬುವುದೇ ಇಲ್ಲ! ಇದಕ್ಕೆ ಟ್ರಾನ್ಸಿಷನಲ್ ಎಪಿಥೀಲಿಯಂ ಅಂತ ಹೆಸರು. ಮೇಲಿನ ಆ ದೊಡ್ಡ ಕೋಶ ಕೆಳಗಿನ ಹಲವನ್ನು ಮುಚ್ಚಿಕೊಂಡು ಕೂರುವುದರಿಂದ ಅದನ್ನು ಅಂಬ್ರೆಲಾ ಸೆಲ್, ಅಂದರೆ ಛತ್ರಿ ಕೋಶ ಅನ್ನುತ್ತಾರೆ.

ನನಗೆ ಜಾಸ್ತಿ ಇಷ್ಟವಾಗುವುದು ಈ ಛತ್ರಿ ಕೋಶದ ಕೆಲಸ. ಜೋಳದ ರೊಟ್ಟಿ ತಟ್ಟುವಾಗ ಅಗಲವಾದಷ್ಟೂ ಅಂಚು ಬಿರಿಯುತ್ತೆ ಅಲ್ವಾ, ಹಿಟ್ಟು ಇದ್ದಷ್ಟೇ ಇರುತ್ತೆ. ಇಲ್ಲಿ ಹಾಗಲ್ಲ. ಈ ಕೋಶದೊಳಗೆ ಹೆಚ್ಚುವರಿ ಪೊರೆ ಚಪ್ಪಟೆಯಾದ ಪುಟ್ಟ ಪುಟ್ಟ ಚೀಲಗಳಾಗಿ ಮೊದಲೇ ಸಂಗ್ರಹವಾಗಿರುತ್ತೆ. ಮೂತ್ರ ತುಂಬಿ ಗೋಡೆ ಎಳೆಯಲು ಶುರುವಾದ ಕೂಡಲೇ ಅವು ಮೇಲೆ ಬಂದು ಹೊರಪೊರೆಗೆ ಸೇರಿಕೊಳ್ಳುತ್ತವೆ, ಪೊರೆ ಅಗಲವಾಗುತ್ತೆ. ನೀವು ಮೂತ್ರ ಮಾಡಿ ಬಂದ ಮೇಲೆ ಕೋಶ ಅದೇ ಪೊರೆಯನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತೆ.

ಇನ್ನು ಸೋರದಿರುವ ಮಾತು. ಛತ್ರಿ ಕೋಶದ ಮೇಲ್ಮೈಯ ಬಹುಪಾಲು ಯೂರೋಪ್ಲೇಕಿನ್ ಅನ್ನುವ ಪ್ರೋಟೀನಿನ ಗಟ್ಟಿ ಬಿಲ್ಲೆಗಳಿಂದ ಮುಚ್ಚಿರುತ್ತೆ, ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದ ಹಾಗೆ. ನೀರು, ಯೂರಿಯಾ ಅದರ ಮೂಲಕ ದಾಟುವುದು ಬಹಳ ಕಷ್ಟ. ಪಕ್ಕಪಕ್ಕದ ಕೋಶಗಳ ನಡುವಿನ ಸಂದನ್ನು ಟೈಟ್ ಜಂಕ್ಷನ್ ಬಿಗಿಯಾಗಿ ಹೊಲಿದಿರುತ್ತೆ, ಕೋಶ ಅಗಲವಾದಾಗ ಆ ಹೊಲಿಗೆಯೂ ಜೊತೆಗೇ ಉದ್ದವಾಗುತ್ತೆ, ಬಿಡುವುದಿಲ್ಲ. ಬಿಸಿಲಲ್ಲಿ ನೀರು ಕುಡಿಯದೆ ಮೂತ್ರ ರಕ್ತಕ್ಕಿಂತ ಮೂರು ನಾಲ್ಕು ಪಟ್ಟು ಗಾಢವಾಗಿ ಹಳದಿಯಾಗಿ ಬಂದರೂ ಈ ಗೋಡೆ ತಡೆಯುತ್ತೆ.

ಕಿಡ್ನಿಯಿಂದ ಇಳಿಯುವ ಮೂತ್ರನಾಳದ ಒಳಗೂ ಇದೇ ಪದರ. ಅಡ್ಡ ಕೊಯ್ದು ನೋಡಿದರೆ ಖಾಲಿ ನಾಳದ ದಾರಿ ನಕ್ಷತ್ರದಂತೆ ಮುದುಡಿರುತ್ತೆ, ಒಂದು ಗುಟುಕು ಮೂತ್ರ ಬಂದಾಗ ಗುಂಡಗೆ ತೆರೆದುಕೊಂಡು ಮತ್ತೆ ಮುಚ್ಚುತ್ತೆ. ಆದರೆ ಹರಳು ಬಂದು ಸಿಕ್ಕಿಕೊಂಡರೆ ಪದರ ಗೀರಿಹೋಗಬಹುದು, ಮೂತ್ರದಲ್ಲಿ ರಕ್ತ ಬರುವುದಕ್ಕೆ ಅದೂ ಒಂದು ಕಾರಣ.

ಹಾಗಂತ ದಿನಾ ತಡೆದುಕೊಂಡರೂ ಪರವಾಗಿಲ್ಲ ಅಂತ ನಾನು ಹೇಳುತ್ತಿಲ್ಲ ಅಕ್ಕಾ. ತೊಂದರೆ ಬರುವ ದಾರಿ ಬೇರೆ. ಮೂತ್ರ ಹೊರಗೆ ಹೋಗುವಾಗ ಒಳಗೆ ಸೇರಿದ ಬ್ಯಾಕ್ಟೀರಿಯಾವನ್ನೂ ತೊಳೆದುಕೊಂಡು ಹೋಗುತ್ತೆ. ತಡೆದರೆ ಅವಕ್ಕೆ ಬೆಳೆಯಲು ಹೊತ್ತು ಸಿಗುತ್ತೆ. ಅದರಲ್ಲೂ ಇ. ಕೋಲಿ ಅನ್ನುವುದು ಆ ಯೂರೋಪ್ಲೇಕಿನ್ ಬಿಲ್ಲೆಯನ್ನೇ ಹಿಡಿದುಕೊಂಡು ಅಂಟುತ್ತೆ. ಆಗ ದೇಹ ಸೋಂಕು ಹತ್ತಿದ ಛತ್ರಿ ಕೋಶಗಳನ್ನೇ ಉದುರಿಸಿಬಿಡುತ್ತೆ, ಕೆಳಗಿನ ಹಸಿ ಪದರಕ್ಕೆ ಮೂತ್ರ ತಾಗುತ್ತೆ. ಉರಿ, ಗಳಿಗೆಗೊಮ್ಮೆ ಅವಸರ, ಹೋದರೆ ನಾಲ್ಕೇ ಹನಿ: ಇದು ಗೋಡೆ ಕೆಟ್ಟಿರುವ ಲಕ್ಷಣ. ತಳದ ಕೋಶಗಳು ಬೆಳೆದು ಹೊಸ ಛತ್ರಿ ಕಟ್ಟುತ್ತವೆ, ಆದರೆ ಸೋಂಕು ಹೋಗಬೇಕು.

ಅದಕ್ಕೇ ಹೊಲದಲ್ಲಿ ನೀರು ಕುಡಿಯುವುದನ್ನು ಬಿಡಬೇಡಿ. ನಾಲ್ಕೈದು ಜನ ಸೇರಿ ಬದುವಿನ ಹತ್ತಿರ ಒಂದು ಹಳೇ ಸೀರೆ ಕಟ್ಟಿ ಮರೆ ಮಾಡಿಕೊಳ್ಳಿ. ಉರಿ ಎರಡು ದಿನ ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಜ್ವರ, ಸೊಂಟದ ಮೇಲೆ ನೋವು ಬಂದರೆ, ಇಲ್ಲವೇ ಒಂದು ಸಲವಾದರೂ ಮೂತ್ರ ಕೆಂಪಗೆ ಬಂದರೆ ಅವತ್ತೇ ಡಾಕ್ಟರ ಹತ್ತಿರ ಹೋಗಿ.